ಮೂರನೇ ಸಾಲಿನ ಇನ್ನೂರು ಷೇರು

ನಮ್ಮ ದೊಡ್ಡಪ್ಪನ ಮನೆಯಲ್ಲಿ ಬೀಗ ಬೀಳದೆ ಉಳಿದದ್ದು ದೊಡ್ಡಮ್ಮನ ಬಾಯಿ ಒಂದೇ. ಇದು ನನ್ನ ಮಾತಲ್ಲ, ದೊಡ್ಡಪ್ಪನದು. ಅದನ್ನೂ ಅವನು ಹೇಳುತ್ತಿದ್ದದ್ದು ದೊಡ್ಡಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ, ನಲ್ಲಿಯ ಸದ್ದು ಜೋರಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಸಕ್ಕರೆ ಡಬ್ಬಕ್ಕೆ ಬೀಗ. ಸೋಪಿನ ಕಪಾಟಿಗೆ ಬೀಗ. ಹಳೆಯ ಪತ್ರಿಕೆ ತುಂಬಿದ ಪೆಟ್ಟಿಗೆಗೆ ಬೀಗ. ಗೇಟಿಗೆ ಎರಡು. ಕಳ್ಳರ ಭಯದಿಂದಲ್ಲ. ಊರಿನ ಬೀಗದ ಕಂಪನಿ ವರ್ಷಕ್ಕೊಮ್ಮೆ ಷೇರುದಾರರ ಸಭೆ ಕರೆಯುತ್ತಿತ್ತು. ಬಂದವರಿಗೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು, ಆ ವರ್ಷದ ಹೊಸ ಮಾದರಿಯ ಒಂದು ಬೀಗ. ದೊಡ್ಡಪ್ಪ ಒಂದು ಸಭೆಯನ್ನೂ ತಪ್ಪಿಸಿದವನಲ್ಲ. ಕೊಟ್ಟ ಬೀಗವನ್ನು ಸುಮ್ಮನೆ ಇಟ್ಟವನೂ ಅಲ್ಲ. ಮನೆಗೆ ತಂದ ದಿನವೇ ಯಾವುದಾದರೂ ಬಡಪಾಯಿ ಡಬ್ಬಕ್ಕೆ ಅದನ್ನು ಜಡಿದು, ವರ್ಷವಿಡೀ ಹಾಕಿ ತೆಗೆದು, ಅದರ ಕುಂದುಕೊರತೆಗಳನ್ನೆಲ್ಲ ಮನಸ್ಸಿನಲ್ಲಿ ತುಂಬಿಕೊಂಡು, ಮುಂದಿನ ಸಭೆಗೆ ಸಿದ್ಧನಾಗುತ್ತಿದ್ದ. ದೊಡ್ಡಮ್ಮ ಚಹಾಕ್ಕೆ ಸಕ್ಕರೆ ಹಾಕಬೇಕೆಂದರೆ ಸೊಂಟದ ಗೊಂಚಲಿನಲ್ಲಿ ಕೀಲಿ ಹುಡುಕಬೇಕು. ಎಷ್ಟೋ ಸಲ ಹುಡುಕುವ ಹೊತ್ತಿಗೆ ಚಹಾ ಆರಿರುತ್ತಿತ್ತು.

ದೊಡ್ಡಪ್ಪನದು ಕನ್ನಡಕದ ಅಂಗಡಿ. ಉದ್ದಕ್ಕೆ ಚಾಚಿದ ಕಿರಿದಾದ ಕೋಣೆ. ಒಂದು ಗೋಡೆಗೆ ಕನ್ನಡಿ, ಇನ್ನೊಂದಕ್ಕೆ ಮೇಲಿನಿಂದ ಕೆಳಗೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಹಲಗೆ. ಮಧ್ಯಾಹ್ನ ಬಿಸಿಲು ಒಳಬಂದಾಗ ಗಾಜಿನ ಪೆಟ್ಟಿಗೆಯೊಳಗಿನ ಕನ್ನಡಕಗಳೆಲ್ಲ ಒಟ್ಟಿಗೆ ಕಣ್ಣುಬಿಟ್ಟಂತೆ ಕಾಣುತ್ತಿತ್ತು. ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ದೊಡ್ಡಪ್ಪ ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತ ಕೇಳುವ ಮೊದಲ ಪ್ರಶ್ನೆ, "ಓದೋಕೆ ಆಗುತ್ತಾ?" ಎರಡನೆಯದು, "ನಿಮ್ಮ ಮನೆಗೆ ಯಾವ ಬೀಗ?"

ಮದುವೆಯಾದ ಹೊಸತರಲ್ಲಿ, ದೊಡ್ಡಮ್ಮನ ಹೊಲಿಗೆ ಯಂತ್ರಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಅವನು ಆ ಕಂಪನಿಯ ಇನ್ನೂರು ಷೇರು ಕೊಂಡಿದ್ದ. ಆಗ ಕಂಪನಿಗೆ ದುಡ್ಡಿನ ಮುಗ್ಗಟ್ಟಿತ್ತಂತೆ. ಹಳೆಯ ಯಜಮಾನರು ಅಂಗಡಿ ಅಂಗಡಿಗೆ ಬಂದು, "ನೀವೂ ಒಂದು ಪಾಲು ತಗೊಳ್ಳಿ, ಕಂಪನಿ ನಿಮ್ಮದೇ" ಎಂದಿದ್ದರು. ಬೇರೆಯವರು ಅದನ್ನು ಮಾತಿನ ಉಪಚಾರವೆಂದು ತಿಳಿದರು. ದೊಡ್ಡಪ್ಪ ನಿಜವೆಂದೇ ತಿಳಿದ. ಅಂದಿನಿಂದ ದೊಡ್ಡಮ್ಮ ಆ ಷೇರುಗಳನ್ನು ಷೇರು ಎಂದು ಕರೆದಿದ್ದೇ ಇಲ್ಲ. "ನನ್ನ ಹೊಲಿಗೆ ಯಂತ್ರ ಇವತ್ತು ಸಭೆಗೆ ಹೊರಟಿದೆ" ಎನ್ನುತ್ತಿದ್ದಳು.

ಸಭೆಯಲ್ಲಿ ಅವನ ಜಾಗ ಮೂರನೇ ಸಾಲಿನ ಮೊದಲ ಕುರ್ಚಿ. ಕಂಪನಿಯವರು ಅವನಿಗಿಟ್ಟ ಹೆಸರೂ 'ಮೂರನೇ ಸಾಲು.' ಲೆಕ್ಕಪತ್ರ ಮಂಡನೆಯಾಗಿ, ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಅಧ್ಯಕ್ಷರು ಕೇಳುವಾಗ ಅವರ ಕಣ್ಣು ಮೊದಲೇ ಮೂರನೇ ಸಾಲಿನ ಕಡೆ ಹೋಗಿ ಬೇಸರದಿಂದ ನಿಂತಿರುತ್ತಿತ್ತು. ದೊಡ್ಡಪ್ಪ ಕೋಟಿನ ಗುಂಡಿ ಹಾಕಿಕೊಂಡು ಏಳುತ್ತಿದ್ದ. "ಹೋದ ವರ್ಷದ ಬೀಗ ನನ್ನ ಸೈಕಲ್ಲಿನ ಕೀಲಿಗೂ ತೆರೆಯುತ್ತೆ. ಇದು ಬೀಗಾನಾ, ಬಾಗಿಲಿಗೆ ಹಾಕೋ ಆಭರಣಾನಾ?" "ಪಾಲಿಶು ಒಂದೇ ವರ್ಷಕ್ಕೆ ಎದ್ದು ಬಂದಿದೆ. ಕಂಪನೀನೂ ಹಾಗೇ ಎದ್ದು ಹೋಗುತ್ತಾ?"

ಕಂಪನಿಯ ಕಾರ್ಯದರ್ಶಿ, ಸದಾ ಬಿಳಿ ಕಾಲರಿನ ಅಂಗಿ ತೊಡುವ ನಿಧಾನದ ಹೆಂಗಸು, ಅವನ ಪ್ರಶ್ನೆಗಳನ್ನು ಒಂದಕ್ಷರ ಬಿಡದೆ ನಡಾವಳಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅಧ್ಯಕ್ಷರ ಉತ್ತರಗಳು ಮಾತ್ರ ಎಷ್ಟು ಉದ್ದವಿದ್ದರೂ ನಡಾವಳಿಯಲ್ಲಿ ಒಂದೇ ಸಾಲು: 'ಅಧ್ಯಕ್ಷರು ಸೂಕ್ತ ಉತ್ತರ ನೀಡಿದರು.' ಪ್ರತಿವರ್ಷ ಅದರ ಪ್ರತಿ ಮನೆಗೆ ಬರುತ್ತಿತ್ತು. ಆ ಸಾಲು ನಮ್ಮ ಮನೆಮಾತಾಗಿ ಹೋಗಿತ್ತು. ದೊಡ್ಡಪ್ಪ ತಡವಾಗಿ ಮನೆಗೆ ಬಂದು ಬೈಸಿಕೊಂಡ ಮೇಲೆ ನಾನು "ಏನಂದ್ರು ದೊಡ್ಡಮ್ಮ?" ಎಂದು ಕೇಳಿದರೆ, "ಸೂಕ್ತ ಉತ್ತರ ನೀಡಿದರು" ಎನ್ನುತ್ತಿದ್ದ.

ಹೀಗಿರುವಾಗ ಹಳೆಯ ಯಜಮಾನರ ಮಕ್ಕಳು ತಮ್ಮ ಪಾಲನ್ನೆಲ್ಲ ಹೊರಗಿನ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ಆ ದೊಡ್ಡ ಕಂಪನಿ ಇನ್ನೂ ಒಂದಿಬ್ಬರು ದೊಡ್ಡ ಪಾಲುದಾರರನ್ನು ಹಿಡಿದು ಅವರಿಂದಲೂ ಕೊಂಡಿತು. ಒಂದು ಬೆಳಿಗ್ಗೆ ಅಂಗಡಿಗೆ ನೋಟೀಸು ಬಂತು. ನಾನೇ ಓದಿ ಹೇಳಿದೆ. ಬೀಗದ ಕಂಪನಿಯ ನೂರು ಪಾಲಿನಲ್ಲಿ ತೊಂಬತ್ತಕ್ಕಿಂತ ಹೆಚ್ಚು ಈಗ ದೊಡ್ಡ ಕಂಪನಿಯ ಕೈಯಲ್ಲಿದೆ; ಕಾನೂನಿನಂತೆ ಉಳಿದ ಚಿಕ್ಕ ಷೇರುದಾರರ ಷೇರುಗಳನ್ನೂ ಅದು ಕೊಂಡುಕೊಳ್ಳುತ್ತಿದೆ; ಮೌಲ್ಯಮಾಪಕರು ಷೇರಿಗೆ ತೊಂಬತ್ತಾರು ರೂಪಾಯಿ ಎಂದು ಬೆಲೆ ಕಟ್ಟಿದ್ದಾರೆ; ಹಣವನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಟ್ಟಾಗಿದೆ; ಷೇರು ಪತ್ರ ಒಪ್ಪಿಸಿ ಹಣ ಪಡೆಯತಕ್ಕದ್ದು. ಒಪ್ಪಿಸದಿದ್ದರೂ ಪತ್ರ ರದ್ದಾಗುತ್ತದೆ.

"ಕೊಡಲ್ಲ ಅಂತ ಬರಿ," ಎಂದ ದೊಡ್ಡಪ್ಪ.

"ಕೊಡಲ್ಲ ಅಂದ್ರೂ ತಗೊಳ್ತಾರೆ ಅಂತ ಬರೆದಿದೆ ದೊಡ್ಡಪ್ಪ."

"ನನ್ನ ವಸ್ತು ನಾನು ಮಾರಲ್ಲ ಅಂದ್ರೆ ಕೊಳ್ಳೋಕೆ ಇವರ್ಯಾರು? ನಾಳೆ ಗಿರಾಕಿ ಬಂದು, ಈ ಅಂಗಡೀಲಿ ನೂರಕ್ಕೆ ತೊಂಬತ್ತು ಫ್ರೇಮು ಕೊಂಡಿದ್ದೀನಿ, ಇನ್ನುಳಿದಿದ್ದೂ ನಂದೇ, ನೀನು ಏಳು ಅಂತಾನಾ?"

ಸುದ್ದಿ ಕೇಳಿ ದೊಡ್ಡಮ್ಮನ ಮುಖ ಅರಳಿತು. "ಅಂತೂ ನನ್ನ ಹೊಲಿಗೆ ಯಂತ್ರ ಮನೆಗೆ ಬರೋ ಕಾಲ ಬಂತು!" ಬೀದಿಯ ಕೊನೆಯ ಬೀಗ ರಿಪೇರಿಯವನೂ ಷೇರುದಾರನೇ. ಅವನು ಅಂದೇ ಹೋಗಿ ಪತ್ರ ಕೊಟ್ಟು ಹಣ ತಂದು, ಅಂಗಡಿಯ ಮುಂದೆ ನಿಂತು ಹಲ್ಲು ಕಿರಿದ. "ಏನು ಯಜಮಾನ್ರೇ, ಇನ್ನು ಚಹಾ, ಬಿಸ್ಕತ್ತು ಎರಡೂ ಸ್ವಂತ ಖರ್ಚಿನಲ್ಲೇ?"

ದೊಡ್ಡಪ್ಪ ಆ ದಿನ ಒಬ್ಬ ಗಿರಾಕಿಯ ಮೂಗಿಗೆ ಇನ್ನೊಬ್ಬನ ಕನ್ನಡಕ ಹಾಕಿ ಕಳಿಸಿದ. ಅವನನ್ನು ಕುಟುಕುತ್ತಿದ್ದದ್ದು ಹಣವಲ್ಲ. ವರ್ಷದಲ್ಲಿ ಒಂದು ದಿನ, ಒಂದು ಗಳಿಗೆ, ಅವನು ಎದ್ದು ನಿಂತರೆ ಇಡೀ ವೇದಿಕೆ ಕೂತು ಕೇಳಲೇಬೇಕಿತ್ತು. ಅದು ಹೋಗುವುದರಲ್ಲಿತ್ತು.

ಅವನ ಗಿರಾಕಿಗಳಲ್ಲಿ ಒಬ್ಬರು ವಕೀಲೆ ಇದ್ದರು. ದೊಡ್ಡಪ್ಪ ಅವರನ್ನು ಲಾಯರಮ್ಮ ಎನ್ನುತ್ತಿದ್ದ. ಕಂಪನಿಗಳ ವ್ಯಾಜ್ಯವೇ ಅವರ ಕೆಲಸ, ಕನ್ನಡಕದ ಮೇಲೆ ಕೂತು ಮುರಿಯುವುದು ಅಭ್ಯಾಸ. ಆ ವಾರವೂ ಮುರಿದುಕೊಂಡು ಬಂದರು. ದೊಡ್ಡಪ್ಪ ಸ್ಕ್ರೂ ತಿರುಗಿಸುತ್ತ ಎಲ್ಲ ಹೇಳಿದ. ಅವರು ನೋಟೀಸನ್ನು ಮೂಗಿನ ತುದಿಗೆ ಹಿಡಿದು ಓದಿದರು.

"ಸರ್, ಎರಡು ಮಾತು. ಕಹಿ ಮೊದಲು ಹೇಳ್ತೀನಿ. ಷೇರು ಉಳಿಯಲ್ಲ. ಅಷ್ಟು ದೊಡ್ಡ ಪಾಲು ಒಬ್ಬರ ಕೈ ಸೇರಿದ ಮೇಲೆ ಉಳಿದ ಚೂರು ಪಾರು ಕೊಂಡು ಮುಗಿಸೋಕೆ ಕಾನೂನೇ ದಾರಿ ಕೊಟ್ಟಿದೆ. ಇಲ್ಲದಿದ್ರೆ ಇಡೀ ಕಂಪನಿ ಕೊಂಡವರು ನಾಲ್ಕು ಜನಕ್ಕೋಸ್ಕರ ಜೀವಮಾನ ಸಭೆ ಕರೀತಾ ಇರಬೇಕಾಗುತ್ತೆ."

"ಕರೀಲಿ! ನಾನು ಹೋಗಲ್ಲ ಅಂದ್ನಾ?"

"ಎರಡನೇದು ಕೇಳಿ. ತಗೊಳ್ಳೋ ಹಕ್ಕು ಅವರಿಗಿದೆ, ಆದರೆ ನ್ಯಾಯವಾದ ಬೆಲೆಗೆ ಮಾತ್ರ. ಬೆಲೆ ಸರಿಯಿಲ್ಲ ಅಂತ ನೀವು ನ್ಯಾಯಮಂಡಳಿಗೆ ಹೋಗಬಹುದು. ಗಡುವಿನೊಳಗೆ ಅರ್ಜಿ ಹಾಕಬೇಕು. ಮಂಡಳಿ ಬೆಲೆ ಏರಿಸಿದ್ರೆ ನಿಮಗಷ್ಟೇ ಅಲ್ಲ, ಎಲ್ಲ ಚಿಕ್ಕ ಷೇರುದಾರರಿಗೂ ಸಿಗುತ್ತೆ."

"ನನಗೆ ಬೆಲೆ ಬೇಡ ಲಾಯರಮ್ಮ, ಕುರ್ಚಿ ಬೇಕು."

"ಕುರ್ಚಿ ಕೇಳೋಕೆ ಕಾನೂನಲ್ಲಿ ಜಾಗ ಇಲ್ಲ. ಬೆಲೆ ಕೇಳೋಕೆ ಇದೆ."

ದೊಡ್ಡಪ್ಪ ಸ್ಕ್ರೂ ಬಿಗಿ ಮಾಡಿ, ಕನ್ನಡಕ ಒರೆಸಿ ಕೊಟ್ಟ. "ಅಲ್ಲಿ ನಾನು ಎದ್ದು ನಿಂತು ಮಾತಾಡಬಹುದಾ?"

"ಮಾತಾಡಬಹುದು," ಎಂದರು ಲಾಯರಮ್ಮ. ಆಮೇಲೆ ಆ ಮಾತಿಗೆ ಅವರು ಬಹಳ ಪರಿತಪಿಸಿದರು.

ಬೆಲೆ ಕಟ್ಟಿದ ವರದಿ ತರಿಸಿ ಓದಿದಾಗ ಲಾಯರಮ್ಮನ ಹುಬ್ಬು ಮೇಲೇರಿತು. ಮೌಲ್ಯಮಾಪಕರು ಕಂಪನಿಯ ಮುಂದಿನ ಆದಾಯ ಅಂದಾಜು ಮಾಡಿ, ಸಾಲ ಕಳೆದು, ಇಡೀ ಕಂಪನಿಗೆ ಒಂದು ಬೆಲೆ ಕಟ್ಟಿದ್ದರು. ಅದನ್ನು ಷೇರುಗಳಿಗೆ ಹಂಚಿದರೆ ಷೇರಿಗೆ ನೂರಿಪ್ಪತ್ತೆಂಟು ಬರುತ್ತಿತ್ತು. ಅಲ್ಲಿಂದ ಮುಂದೆ, 'ಚಿಕ್ಕ ಪಾಲಾದ್ದರಿಂದ' ಎಂದು ಕಾಲುಭಾಗ ಕಡಿದು ತೊಂಬತ್ತಾರಕ್ಕೆ ತಂದಿದ್ದರು.

"ನಮ್ಮ ಜಗಳ ಇಷ್ಟೇ ಸರ್. ಈ ಕಾಲುಭಾಗ. ಬೇರೇನೂ ಬೇಡ. ಪ್ರಮಾಣಪತ್ರದಲ್ಲಿ ನೀವು ಯಾರು, ಎಷ್ಟು ಷೇರು, ಯಾವಾಗ ಕೊಂಡ್ರಿ, ಕಡಿತಕ್ಕೆ ಯಾಕೆ ಒಪ್ಪಲ್ಲ, ಅಷ್ಟು ಸಾಕು."

ದೊಡ್ಡಪ್ಪ ಹೂಂ ಎಂದ. ಆದರೆ ಕರಡು ಮನೆಗೆ ಬಂದಾಗ ಅವನಿಗೆ ಅದು ತೀರ ಸಪ್ಪೆ ಎನ್ನಿಸಿತು. ಉಪ್ಪುಖಾರ ಹಾಕಲು ಕೂತ. ಕಂಪನಿಯ ಹಳೇ ಗೋದಾಮಿನ ಜಾಗ ಚಿನ್ನದ ಬೆಲೆ ಬಾಳುತ್ತದೆಂದು ಒಂದು ಸಾಲು ಸೇರಿಸಿದ. ಅದನ್ನು ಅವನಿಗೆ ಹೇಳಿದವನು ಎದುರಿನ ಚಹಾ ಅಂಗಡಿಯವನು. ಕೊನೆಯಲ್ಲಿ ಇನ್ನೊಂದು: 'ಈ ಕಂಪನಿಯನ್ನು ನಾನು ಮೂವತ್ತು ವರ್ಷಗಳಿಂದ ಬಲ್ಲೆ. ಇದರ ಬೀಗಗಳಿಗೆ ಸಾಟಿಯಾದ ಬೀಗ ಎಲ್ಲೂ ಇಲ್ಲ.'

"ಈ ಸಾಲು ನಿಮಗೆ ಬೇಕಾ ಸರ್?" ಎಂದರು ಲಾಯರಮ್ಮ.

"ಅದೇ ಮುಖ್ಯ."

"ಪ್ರಮಾಣ ಮಾಡಿ ಹೇಳೋ ಮಾತು ಇದು. ಹೇಳಿದ್ದೆಲ್ಲದರ ಮೇಲೂ ಅವರು ಪ್ರಶ್ನೆ ಕೇಳಬಹುದು."

"ಕೇಳಲಿ ಬಿಡಿ. ಪ್ರಶ್ನೆ ಅಂದ್ರೆ ನನಗೆ ಭಯಾನಾ?"

ವಿಚಾರಣೆಯ ದಿನ ದೊಡ್ಡಪ್ಪ ಸಭೆಯ ಕೋಟು ಹಾಕಿಕೊಂಡ. ದೊಡ್ಡಮ್ಮನೂ ಹೊರಟಳು. "ನನ್ನ ಹೊಲಿಗೆ ಯಂತ್ರದ ವಿಷಯ, ನಾನಿಲ್ಲದೆ ಹೇಗೆ?" ನ್ಯಾಯಮಂಡಳಿಯ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ನಮ್ಮ ಕಾಲೇಜಿನ ಪ್ರಯೋಗಾಲಯದ ಹಾಗೆ ಉದ್ದ ಮೇಜುಗಳು, ಗೊರಗೊರ ಎನ್ನುವ ಫ್ಯಾನು, ಕಡತಗಳ ಒಣ ವಾಸನೆ. ಮುಂದೆ ಎತ್ತರದಲ್ಲಿ ನ್ಯಾಯಾಧೀಶರು, ಬಿಳಿಗೂದಲಿನ ಹೆಂಗಸು. ದೊಡ್ಡಪ್ಪ ಒಳಗೆ ಬಂದವನೇ ಕುರ್ಚಿಗಳನ್ನು ಲೆಕ್ಕ ಹಾಕಿ ಮೂರನೇ ಸಾಲಿನ ಮೊದಲನೆಯದರಲ್ಲಿ ಕೂತ. ಆ ಕಡೆ ದೊಡ್ಡ ಕಂಪನಿಯ ವಕೀಲರು, ಅವರ ಹಿಂದೆ ಮೌಲ್ಯಮಾಪಕರು. ಅವರ ಪಕ್ಕ ಬಿಳಿ ಕಾಲರಿನ ಕಾರ್ಯದರ್ಶಿ. ಅವರ ಮಡಿಲಲ್ಲಿ ದಪ್ಪ ದಪ್ಪ ಪುಸ್ತಕಗಳು. ದೊಡ್ಡಪ್ಪನನ್ನು ಕಂಡು ಅವರು ತಲೆ ತಗ್ಗಿಸಿದರು.

ದೊಡ್ಡಪ್ಪನನ್ನು ಸಾಕ್ಷಿಯ ಕಟಕಟೆಗೆ ಕರೆದರು. ಎದುರು ವಕೀಲರು ಮೆತ್ತಗೆ ಶುರು ಮಾಡಿದರು.

"ಈ ಬೀಗಗಳಿಗೆ ಸಾಟಿಯೇ ಇಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ದೀರಿ."

"ಹೌದು."

ವಕೀಲರು ಕಾರ್ಯದರ್ಶಿಯ ಮಡಿಲಿನಿಂದ ಮೇಲಿನ ಪುಸ್ತಕ ತೆಗೆದುಕೊಂಡು ತೆರೆದರು. ಅವು ಸಭೆಯ ನಡಾವಳಿಗಳು. "'ಈ ಬೀಗ ತೆಗೆಯಲು ಕಳ್ಳ ಬೇಕಾಗಿಲ್ಲ, ಗಾಳಿ ಸಾಕು.' ಈ ಮಾತು ಯಾರದು?"

ದೊಡ್ಡಪ್ಪ ಕೆಮ್ಮಿದ. "ನಂದೇ ಇರಬೇಕು."

"'ಹೀಗೇ ಮುಂದುವರಿದರೆ ಕಂಪನಿಗೇ ಬೀಗ ಹಾಕಬೇಕಾಗುತ್ತದೆ. ಆ ಬೀಗವನ್ನು ಬೇರೆ ಕಂಪನಿಯಿಂದ ತರಬೇಕಾಗುತ್ತದೆ.'"

ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಪ್ಪನಿಗೆ ಒಂದು ಕ್ಷಣ ಹೆಮ್ಮೆಯಾದದ್ದು ಮುಖದಲ್ಲೇ ಕಂಡಿತು. ಲಾಯರಮ್ಮ ಹಣೆಗೆ ಕೈ ಒತ್ತಿಕೊಂಡರು.

"ಅದೂ ನಂದೇ. ಆ ವರ್ಷದ್ದು ಚೆನ್ನಾಗಿತ್ತು."

"ಬೀಗವಾ?"

"ಮಾತು."

ವಕೀಲರು ಒಂದೊಂದೇ ವರ್ಷ ಓದುತ್ತ ಹೋದರು. ಪಾಲಿಶು, ಸ್ಪ್ರಿಂಗು, ಸೈಕಲ್ ಕೀಲಿ. ಕಾರ್ಯದರ್ಶಿ ನಿಷ್ಠೆಯಿಂದ ಬರೆದಿಟ್ಟ ಎಲ್ಲವೂ ಅಲ್ಲಿತ್ತು. ಪ್ರತಿ ಪ್ರಶ್ನೆಯ ಕೆಳಗೆ ಸೂಕ್ತ ಉತ್ತರವೊಂದು ಬಾಯಿ ಬಿಡದೆ ಕೂತಿತ್ತು. ಕೊನೆಗೆ ಅವರು ನ್ಯಾಯಾಧೀಶರ ಕಡೆ ತಿರುಗಿದರು. ಅರ್ಜಿದಾರರ ಬಾಯಿಂದಲೇ ಬಂದ ಪ್ರಕಾರ ಮಾಲು ಕಳಪೆ, ಮುಂದಿನ ಆದಾಯ ಇಳಿಯುವುದು ಖಂಡಿತ, ಆದ್ದರಿಂದ ತೊಂಬತ್ತಾರು ಉದಾರವಾದ ಬೆಲೆ.

ದೊಡ್ಡಪ್ಪನ ಮುಖ ಸಣ್ಣಗಾಯಿತು. ತಾನು ಮೂವತ್ತು ವರ್ಷ ಅಕ್ಕರೆಯಿಂದ ಮಸೆದ ಮಾತುಗಳೆಲ್ಲ ತನ್ನ ಕಡೆಗೇ ತಿರುಗಿ ನಿಂತದ್ದನ್ನು ಅವನು ನೋಡುತ್ತಿದ್ದ. ಬೀದಿಯ ಆ ಕೊನೆಯ ಬೀಗ ರಿಪೇರಿಯವನಿಂದ ಹಿಡಿದು ಇನ್ನೂರು ಮುನ್ನೂರು ಜನರ ಬೆಲೆಯನ್ನು ತಾನೇ ಇಳಿಸಿಬಿಟ್ಟೆನೇ ಎಂಬ ದಿಗಿಲು ಅವನ ಕಣ್ಣಲ್ಲಿತ್ತು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಇಷ್ಟು ಕೆಟ್ಟ ಕಂಪನಿ ಅಂದಮೇಲೆ ಷೇರುಗಳನ್ನ ಯಾಕೆ ಇಟ್ಟುಕೊಂಡ್ರಿ? ಮಾರಬಹುದಿತ್ತಲ್ಲ?"

"ಕೆಟ್ಟ ಕಂಪನಿ ಅಂತ ನಾನು ಯಾವತ್ತೂ ಹೇಳಿಲ್ಲ ಮೇಡಂ. ಬೀಗ ಸರಿಯಿಲ್ಲ ಅಂದೆ. ನಮ್ಮದನ್ನ ನಾವು ಬೈಯದೇ ಇನ್ಯಾರು ಬೈತಾರೆ? ಪಕ್ಕದ ಮನೆ ಗೋಡೆ ಬಿರುಕು ಬಿಟ್ರೆ ನಾನು ಹೋಗಿ ಕೂಗಾಡ್ತೀನಾ?"

ಅಷ್ಟರಲ್ಲಿ ಹಿಂದಿನ ಸಾಲಿನಿಂದ ದೊಡ್ಡಮ್ಮನ ದನಿ ಬಂತು. "ನಿಜ ತಾಯಿ! ನನ್ನನ್ನೂ ಮದುವೆಯಾದಾಗಿಂದ ಬೈತಾನೇ ಇದ್ದಾರೆ, ಬಿಟ್ಟು ಹೋಗಿಲ್ಲ. ಆ ಷೇರಿನ ಥರಾನೇ."

ಕೋಣೆ ನಕ್ಕಿತು. ಗುಮಾಸ್ತ ದೊಡ್ಡಮ್ಮನನ್ನು ಸುಮ್ಮನಿರಿಸಿದ. ನ್ಯಾಯಾಧೀಶರು ನಗಲಿಲ್ಲ, ಆದರೆ ಕಡತವನ್ನು ಮುಖಕ್ಕೆ ಸ್ವಲ್ಪ ಹತ್ತಿರ ಹಿಡಿದರು.

"ಆ ಸೈಕಲ್ ಕೀಲಿಗೆ ತೆರೆದ ಬೀಗ ಈಗೇನಾಗಿದೆ?" ಎಂದು ಕೇಳಿದರು.

"ಮರುವರ್ಷವೇ ಒಳಗಿನ ಹಲ್ಲು ಬದಲಾಯಿಸಿದ್ರು. ಈಗ ನಮ್ಮ ಗೇಟಿಗೆ ಅದೇ. ಪಾಲಿಶೂ ಸರಿ ಮಾಡಿದ್ರು. ಕೇಳಿದ್ದಕ್ಕೆ ಅಧ್ಯಕ್ಷರು ಅಲ್ಲೇ ಮಾತು ಕೊಟ್ಟಿದ್ರು. ಅದ್ಯಾವುದೂ ಆ ಪುಸ್ತಕದಲ್ಲಿಲ್ಲ." ಇಷ್ಟು ಹೇಳಿ ಎದುರು ವಕೀಲರ ಕಡೆ ತಿರುಗಿದ. ದನಿ ಅಂಗಡಿಯ ದನಿಯಾಗಿತ್ತು. "ಸರ್, ನಿಮ್ಮ ಕನ್ನಡಕ ಆವಾಗಿಂದ ಜಾರ್ತಾ ಇದೆ. ಮೂಗಿನ ಹತ್ತಿರದ ಹಿಡಿ ಸಡಿಲ ಆಗಿದೆ. ಆಮೇಲೆ ಕೊಡಿ, ಸರಿ ಮಾಡ್ತೀನಿ."

ಕಾರ್ಯದರ್ಶಿ ಆಗ ಎದ್ದು ನಿಂತರು. ನ್ಯಾಯಾಧೀಶರ ಅನುಮತಿ ಪಡೆದು, ತುಂಬ ಮೆಲ್ಲಗೆ ಹೇಳಿದರು: "ಅವರು ಹೇಳ್ತಿರೋದು ಹೌದು. ಉತ್ತರಗಳನ್ನ ಚಿಕ್ಕದು ಮಾಡಿ ಬರೆಯೋದು ನಮ್ಮ ಪದ್ಧತಿ." ಅವರ ಕಡೆಯ ವಕೀಲರು ಅವರನ್ನು ನೋಡಿದ ನೋಟಕ್ಕೆ ಬೀಗ ತಾನಾಗಿ ಬಿಚ್ಚಿಕೊಳ್ಳಬೇಕಿತ್ತು.

ಆಮೇಲೆ ಲಾಯರಮ್ಮನ ಸರದಿ. ಅವರು ಬೀಗದ ಮಾತನ್ನೇ ಎತ್ತಲಿಲ್ಲ. ಮೌಲ್ಯಮಾಪಕರನ್ನು ಕರೆದರು.

"ಇಡೀ ಕಂಪನಿಗೆ ನೀವು ಕಟ್ಟಿದ ಬೆಲೇಲಿ ಈ ಮಾಲಿನ ದೂರುಗಳನ್ನೆಲ್ಲ ಲೆಕ್ಕಕ್ಕೆ ತಗೊಂಡಿದ್ರಾ?"

"ತಗೊಂಡಿದ್ದೆ. ಆದಾಯದ ಅಂದಾಜಿನಲ್ಲಿ ಅದೆಲ್ಲ ಸೇರಿದೆ."

"ಹಾಗಾದ್ರೆ ಬೀಗ ಚೆನ್ನಾಗಿರಲಿ, ಕೆಟ್ಟಿರಲಿ, ಅದು ನೂರಿಪ್ಪತ್ತೆಂಟರ ಒಳಗೇ ಮುಗೀತು."

"ಹೌದು."

"ಅದರ ಮೇಲೆ ಕಾಲುಭಾಗ ಕಡಿದಿದ್ದು ಯಾಕೆ?"

"ಚಿಕ್ಕ ಪಾಲಿಗೆ ಆಡಳಿತದ ಮೇಲೆ ಹಿಡಿತ ಇರಲ್ಲ. ಈ ಷೇರು ಪೇಟೆಯಲ್ಲಿ ಓಡಾಡೋದೂ ಅಲ್ಲ. ಕೊಳ್ಳೋರು ಸಿಗೋದು ಕಷ್ಟ."

"ಇಲ್ಲಿ ಕೊಳ್ಳೋರು ಸಿಕ್ಕಿದ್ದಾರಾ?"

"ಸಿಕ್ಕಿದ್ದಾರೆ."

"ಬೇಡ ಅಂದ್ರೂ ಬಿಡ್ತಿಲ್ಲ ಅಲ್ವಾ?"

ಮೌಲ್ಯಮಾಪಕರು ವರದಿಯ ಪುಟ ತಿರುವಿದರು.

"ಸರಿ. ಈ ಚಿಕ್ಕ ಪಾಲು ಅವರ ಕೈ ಸೇರಿದ ಮೇಲೂ ಚಿಕ್ಕ ಪಾಲಾಗೇ ಇರುತ್ತಾ?"

"ಇಲ್ಲ. ನೂರಕ್ಕೆ ನೂರು ಅವರದಾಗುತ್ತೆ."

"ಅಂದ್ರೆ ಕೊಡುವಾಗ ಚಿಕ್ಕದು, ತಗೊಂಡ ತಕ್ಷಣ ಪೂರ್ತಿ. ನಡುವೆ ಆ ಕಾಲುಭಾಗ ಯಾರ ಕಡೆ ಹೋಯ್ತು?"

ಮೌಲ್ಯಮಾಪಕರು ನೀರು ಕುಡಿದರು. ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ. "ಕೊಳ್ಳುವವರ ಕಡೆಗೇ. ಮೇಡಂ, ನನ್ನನ್ನ ಕೇಳಿದ್ದೇ ಹಾಗೆ. ಚಿಕ್ಕ ಪಾಲನ್ನ ಹೊರಗೆ ಮಾರಿದ್ರೆ ಎಷ್ಟು ಬರುತ್ತೆ ಅಂತ ಕೇಳಿದ್ರು, ಅದನ್ನ ಹೇಳಿದೆ. ಇಡೀ ಕಂಪನಿಯಲ್ಲಿ ಅವರ ಪಾಲು ಎಷ್ಟು ಅಂತ ಕೇಳಿದ್ರೆ ನೂರಿಪ್ಪತ್ತೆಂಟು ಅಂತಿದ್ದೆ."

ಮೂರನೇ ಸಾಲಿಗೆ ಮರಳಿ ಕೂತಿದ್ದ ದೊಡ್ಡಪ್ಪ ನನ್ನ ಕಿವಿಯಲ್ಲಿ ಉಸುರಿದ: "ನೋಡಿದ್ಯಾ? ಸೂಕ್ತ ಉತ್ತರ ಅಂದ್ರೆ ಇದು."

ಹೊರಗೆ ಬಂದ ಮೇಲೆ ಮೆಟ್ಟಿಲಿನ ಹತ್ತಿರ ಅವನು ನಿಜವಾಗಿಯೂ ಎದುರು ವಕೀಲರನ್ನು ತಡೆದು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಕನ್ನಡಕ ಸರಿ ಮಾಡಿಕೊಟ್ಟ. ದುಡ್ಡು ಕೊಡಲು ಬಂದರೆ, "ಬೇಡ ಸರ್. ಓದೋಕೆ ಆಗುತ್ತಾ?" ಎಂದ. ಆಮೇಲೆ, "ನಿಮ್ಮ ಮನೆಗೆ ಯಾವ ಬೀಗ?"

ಆದೇಶ ಬರುವ ಹೊತ್ತಿಗೆ ಅಂಗಡಿಯೊಳಗಿನ ಬಿಸಿಲು ಗೋಡೆಯ ಅಕ್ಷರಗಳ ಮೇಲಿಂದ ಜಾರಿ ಕನ್ನಡಿಯ ಕಡೆ ಸರಿದಿತ್ತು; ಋತು ಬದಲಾಗಿತ್ತು. ಆದೇಶ ಹೀಗಿತ್ತು: ಕಡ್ಡಾಯವಾಗಿ ಕೊಳ್ಳುವಾಗ ಪಾಲು ಚಿಕ್ಕದೆಂಬ ಕಾರಣಕ್ಕೆ ಬೆಲೆ ಕಡಿಯುವಂತಿಲ್ಲ. ಎಲ್ಲ ಚಿಕ್ಕ ಷೇರುದಾರರಿಗೂ ಷೇರಿಗೆ ನೂರಿಪ್ಪತ್ತೆಂಟು ಕೊಡಬೇಕು, ತಡವಾದದ್ದಕ್ಕೆ ಬಡ್ಡಿಯನ್ನೂ ಸೇರಿಸಿ. ಗೋದಾಮಿನ ಜಾಗದ ಬಗ್ಗೆ ಆಧಾರವಿಲ್ಲವೆಂದು ತಳ್ಳಿಹಾಕಿದ್ದರು. ಆಧಾರ ಎದುರಿನ ಚಹಾ ಅಂಗಡಿಯಲ್ಲಿ ಲೋಟ ತೊಳೆಯುತ್ತಿತ್ತು. ಷೇರು ವರ್ಗಾವಣೆ ಕಾನೂನುಬದ್ಧ, ಅದನ್ನು ಪ್ರಶ್ನಿಸುವಂತಿಲ್ಲ ಎಂದೂ ಬರೆದಿತ್ತು. ದೊಡ್ಡಪ್ಪ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದ.

"ಅಂದ್ರೆ ಕುರ್ಚಿ ಇಲ್ಲ."

"ಇಲ್ಲ ದೊಡ್ಡಪ್ಪ. ಆದರೆ ನಿನ್ನ ಒಂದು ಷೇರೂ ಅವರ ಒಂದು ಷೇರೂ ಸಮ ಅಂತ ಬರೆದಿದ್ದಾರೆ."

ಅವನು ತಲೆಯಾಡಿಸಿ, ಸ್ವಚ್ಛವಾಗಿಯೇ ಇದ್ದ ಒಂದು ಕನ್ನಡಕವನ್ನು ಒರೆಸತೊಡಗಿದ.

ಬೀಗ ರಿಪೇರಿಯವನಿಗೆ ಉಳಿದ ಹಣ ತಾನಾಗಿ ಬಂತು. ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಅಂಗಡಿಗೆ ಬಂದ. ಹಲ್ಲು ಕಿರಿಯಲಿಲ್ಲ. "ಯಜಮಾನ್ರೇ, ಇದು ಸಭೆಯದ್ದು ಅಂತ ತಿಳ್ಕೊಳ್ಳಿ." ದೊಡ್ಡಪ್ಪ ಒಂದು ಬಿಸ್ಕತ್ತು ಮುರಿದು, "ಹೋದ ಸಲದ್ದಕ್ಕಿಂತ ಮೆತ್ತಗಿದೆ. ಯಾರನ್ನ ಕೇಳೋಣ?" ಎಂದ.

ದೊಡ್ಡಮ್ಮನ ಹೊಲಿಗೆ ಯಂತ್ರ ಬಂತು. ಹಿಂದೆ ಇನ್ನೂರು ಷೇರು ಇದ್ದ ಕಪಾಟಿನ ಪಕ್ಕದಲ್ಲೇ ಅದಕ್ಕೆ ಜಾಗ. ಅದರ ಮುಚ್ಚಳಕ್ಕೆ ಬೀಗ ಹಾಕುವೆನೆಂದು ಹೋದ ದೊಡ್ಡಪ್ಪನನ್ನು ಅವಳು ಕತ್ತರಿ ಹಿಡಿದು ಹಿಂದಕ್ಕೆ ಕಳಿಸಿದಳು.

ಮುಂದಿನ ವರ್ಷ ಸಭೆಯ ದಿನ ಬಂದಾಗ ದೊಡ್ಡಪ್ಪ ಅಭ್ಯಾಸದ ಮೇಲೆ ಕೋಟು ಹಾಕಿಕೊಂಡು, ಹೋಗಲು ಎಲ್ಲೂ ಇಲ್ಲದೆ ಮನೆಯ ಜಗುಲಿಯಲ್ಲಿ ಕೂತಿದ್ದ. ಸಂಜೆ ಗೇಟಿನ ಎರಡು ಬೀಗ ಅಲುಗಿದವು. ಬಿಳಿ ಕಾಲರಿನ ಕಾರ್ಯದರ್ಶಿ. ಕೈಯಲ್ಲಿ ಚಿಕ್ಕ ರಟ್ಟಿನ ಪೆಟ್ಟಿಗೆ.

ದೊಡ್ಡಪ್ಪ ಎದ್ದು ನಿಂತು ಗುಂಡಿ ಹಾಕಿಕೊಂಡ. "ಬನ್ನಿ ಮೇಡಂ. ಸಭೆ ಹೇಗಾಯ್ತು?"

"ಆಯ್ತು ಸರ್. ಇಬ್ಬರು ಬಂದಿದ್ರು, ಇಬ್ಬರೂ ಅವರ ಕಡೆಯವರೇ. ಕುರ್ಚಿ ಬಿಸಿಯಾಗೋ ಮೊದಲೇ ಎದ್ರು. 'ಪ್ರಶ್ನೆಗಳು: ಇಲ್ಲ' ಅಂತ ಬರೆದೆ. ಇಷ್ಟು ವರ್ಷದಲ್ಲಿ ಅದನ್ನ ಬರೆದಿದ್ದು ಇದೇ ಮೊದಲು." ಅವರು ಪೆಟ್ಟಿಗೆ ಮುಂದೆ ಮಾಡಿದರು. "ಈ ವರ್ಷದ ಹೊಸ ಮಾದರಿ. ಅಂಗಡೀಲಿ ನಾನೇ ಕೊಂಡೆ, ಕಂಪನಿಯದ್ದಲ್ಲ."

ಒಳಗೆ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ದೊಡ್ಡಪ್ಪ ಬೀಗವನ್ನು ಬೆಳಕಿಗೆ ಹಿಡಿದ. ಕೀಲಿ ಹಾಕಿ ತೆಗೆದ, ಮತ್ತೆ ಹಾಕಿ ತೆಗೆದ, ಕಿವಿಯ ಹತ್ತಿರ ತಂದು ಅಲುಗಿಸಿದ. ಅವನ ಮುಖದಲ್ಲಿ ಹಳೆಯ ಕಳೆ ನಿಧಾನವಾಗಿ ಏರಿತು. ಗಂಟಲು ಸರಿಮಾಡಿಕೊಂಡ.

"ನನ್ನದೊಂದು ಪ್ರಶ್ನೆ. ಬೀಗ ಸುಂದರವಾಗಿದೆ, ಒಪ್ಪಿದೆ. ಆದರೆ ಈ ಕೀಲಿ ಹೀಗೆ ಕೀಚ್ ಅಂತ ಕೂಗಿದ್ರೆ, ಕಳ್ಳ ಬಂದಿದ್ದು ತಿಳೀಲಿ ಅಂತಾನಾ, ಇಲ್ಲ ಮನೆಯವನು ತಡವಾಗಿ ಬಂದಿದ್ದು ಹೆಂಡತಿಗೆ ತಿಳೀಲಿ ಅಂತಾನಾ?"

ಕಾರ್ಯದರ್ಶಿಯ ಕೈ ತಾನಾಗಿ ಚೀಲದೊಳಗೆ ಪೆನ್ನು ಹುಡುಕಿತು. ಇದು ಸಭೆಯಲ್ಲವೆಂದು ನೆನಪಾಗಿ ಅಲ್ಲೇ ನಿಂತಿತು.

ಒಳಗೆ ಯಂತ್ರದ ಸದ್ದು ನಿಂತಿತು. ಬಾಗಿಲಿಗೆ ಬಂದ ದೊಡ್ಡಮ್ಮ ಸೂಕ್ತ ಉತ್ತರ ನೀಡಿದಳು. ಅದು ಸಾಕಷ್ಟು ಉದ್ದವಾಗಿತ್ತು. ದೊಡ್ಡಪ್ಪ ನಿಂತುಕೊಂಡೇ ಪೂರ್ತಿ ಕೇಳಿದ.